ಹಾಲಿನ ಮೇಲೆ ಬಂದ ಅನುಮಾನ

ಜಿಮ್ಮಿನವರ ಮಾತು ಕೇಳಿ, ಮೈಕಟ್ಟು ಬೆಳೆಸುವ ಕ್ರಿಯೇಟಿನ್ ಪುಡಿಯನ್ನು ಮನೆ ಹಸುವಿನ ಹಾಲಿಗೆ ಕದಡಿ, ಬೆಳಗಿನ ಥೈರಾಯ್ಡ್ ಮಾತ್ರೆಯನ್ನೂ ಅದರಲ್ಲೇ ನುಂಗತೊಡಗಿದೆ. ಮುಂದಿನ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತ್ತು. ಅಂದರೆ ಮಾತ್ರೆ ಸಾಲುತ್ತಿಲ್ಲ. ಶ್ರೀನಿವಾಸಪುರದಿಂದ ಪುಡಿಯ ಡಬ್ಬಿಯನ್ನು ಆರೋಪಿಯಂತೆ ಕರೆತಂದು ಕೋಲಾರದ ವೈದ್ಯೆಯ ಮುಂದೆ ನಿಲ್ಲಿಸಿದೆ.

“ಮೇಡಂ, ಇದನ್ನ ಬಿಡಬೇಕಾ, ಜಿಮ್ಮೇ ಬಿಡಬೇಕಾ?”

“ಎರಡೂ ಬಿಡೋದು ಬೇಡ. ಮಾತ್ರೆ ಯಾವುದರಲ್ಲಿ ನುಂಗ್ತೀರಿ?”

“ಹಾಲಲ್ಲಿ. ನಮ್ಮನೇದೇ, ಒಂದು ಹನಿ ನೀರು ಬೆರೆಸಲ್ಲ.”

“ಅದೇ ತೊಂದ್ರೆ ಕಣ್ರೀ! ಹಾಲಿನ ಕ್ಯಾಲ್ಸಿಯಂ ಮಾತ್ರೆನ ಮೈಗೆ ಹತ್ತೋಕೆ ಬಿಡಲ್ಲ. ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ನುಂಗಿ. ಹಾಲು ನಾಲ್ಕು ಗಂಟೆ ಬಿಟ್ಟು. ಪುಡಿಯಿಂದ ಥೈರಾಯ್ಡಿಗೆ ತೊಂದ್ರೆ ಅಂತ ಇದುವರೆಗೆ ಎಲ್ಲೂ ಕಂಡುಬಂದಿಲ್ಲ.”

ಎರಡು ತಿಂಗಳಲ್ಲಿ ಟಿಎಸ್‌ಎಚ್ ಇಳಿಯಿತು. ಡಬ್ಬಿಯನ್ನು ನಿರಪರಾಧಿಯೆಂದು ಘೋಷಿಸಿದೆ. ಹಸುವಿನ ಮುಖವನ್ನು ಮಾತ್ರ ಇನ್ನೂ ಮೊದಲಿನ ವಿಶ್ವಾಸದಿಂದ ನೋಡಲಾಗುತ್ತಿಲ್ಲ.