ಆಕಿ ಕದ್ದ ಲಿಟರೇಚರ್ ರಿವ್ಯೂ

ಆಕಿಗೆ ಮಾಫಿ ಮಾಡಿದಿ ಇಲ್ಲೊ ಅಂತ ಗೆಳತ್ಯಾರು ಈಗೂ ಕೇಳ್ತಾರ. ಮಾಡಿಲ್ಲ. ಮಾಡೂದೂ ಇಲ್ಲ. ಆಕಿ ಹೆಸರು ಫೋನಿನ್ಯಾಗ ಬಂತಂದ್ರ ಇವತ್ತಿಗೂ ನನ್ನ ಮೈ ಉರೀತದ, ಅದಕ್ಕ ಈ ಮಾತು ತಣ್ಣಗ ಹೇಳಾಕ ನನ್ನ ಕೈಲಿ ಆಗಂಗಿಲ್ಲ.

ಇಂಜಿನಿಯರಿಂಗ್ ಕಡೀ ವರ್ಷ. ನಾನು ದೋರನಹಳ್ಳಿಯಾಕಿ, ಆಕಿ ಸುರಪುರದಾಕಿ. ಯಾದಗಿರಿಯಾಗ ಇಬ್ಬರೂ ಕೂಡಿ ಒಂದ ರೂಮ್ ಮಾಡಿದ್ದಿವಿ. ಒಂದ ಡಬ್ಬಿಯಾಗಿನ ಶೇಂಗಾ ಚಟ್ನಿ ಉಂಡಾಕಿ ನನಗ ಹಿಂಗ ಮಾಡ್ತಾಳಂತ ಯಾರರ ಅಂದಿದ್ರ ಅವರ ಜೋಡಿನ ಜಗಳ ಆಡ್ತಿದ್ದೆ.

ಆ ವರ್ಷ ಎಲ್ಲಾರೂ ಒಂದೊಂದು ಸೆಮಿನಾರ್ ಪೇಪರ್ ಬರೀಬೇಕು. ಒಂದು ವಿಷಯದ ಮ್ಯಾಲ ಬ್ಯಾರೆಯವರು ಏನೇನು ಸಂಶೋಧನೆ ಮಾಡ್ಯಾರ ಅಂತ ಓದಿ, ಅದನ್ನ ತೂಗಿ ನೋಡಿ ಬರದು, ನಿಂತು ಹೇಳಬೇಕು; ಇದಕ್ಕ ಲಿಟರೇಚರ್ ರಿವ್ಯೂ ಅಂತಾರ. ಇದರಾಗ ಫೇಲಾದ್ರ ಡಿಗ್ರಿ ಕೈಗೆ ಬರಂಗಿಲ್ಲ. ನಂದು ಮೆಣಸಿನಕಾಯಿ ಎಲಿ ಫೋಟೊ ನೋಡಿ ಮಷೀನ್ ಲರ್ನಿಂಗ್‌ಲಿಂದ ರೋಗ ಗುರ್ತು ಹಿಡಿಯೂದು, ಆಕೀದು ಹತ್ತಿ ಎಲೀದು. ನಮ್ಮ ಗೈಡ್ ಸರ್ ಹಿಂದಿನ ವರ್ಷದವರ ಒಂದು ಸ್ಪೈರಲ್ ಬೈಂಡಿಂಗ್ ಕೈಯಾಗ ಕೊಟ್ಟು, "ಇದರಂಗ ಬರೀರಿ. ಮೊದಲು ಅಬ್‌ಸ್ಟ್ರ್ಯಾಕ್ಟ್ ತಂದು ತೋರಸ್ರಿ" ಅಂದ್ರು.

ನೋಡ್ರಿ ಹ್ಯಾಂಗದ! ಪೇಪರಿನ ಸಾರಾಂಶ ಮೊದಲು, ಓದೂದು ಆಮ್ಯಾಲ. ನಮ್ಮ ಕಾಲೇಜಿನ್ಯಾಗ ಅದ ರಿವಾಜು. ನಾನೂ ಒಂದೂ ಪೇಪರ್ ಬಿಚ್ಚದ, ಈ ಪದ್ಧತಿ ಎಲಿ ರೋಗ ಎಲ್ಲಾ ಬರೋಬ್ಬರಿ ಕಂಡುಹಿಡೀತದ ಅಂತ ಅಬ್‌ಸ್ಟ್ರ್ಯಾಕ್ಟಿನ್ಯಾಗ ಬಡಾಯಿ ಕೊಚ್ಚಿದೆ. ಸರ್ ಓದದ ಸಹಿ ಹಾಕಿದ್ರು.

ರಿವ್ಯೂಕ ಮಾತ್ರ ತಿಂಗಳಗಟ್ಲೆ ಕುಂತೆ. ಬ್ಯಾರೆ ಬ್ಯಾರೆ ಬೆಳಿ ಎಲಿ ರೋಗದ ಮ್ಯಾಲಿನ ಹನ್ನೆರಡು ಪೇಪರ್ ಇಳಿಸಿಕೊಂಡೆ. ಇಂಗ್ಲೀಷು ತಲಿ ತಿಂತು. ಖರೇ ಹೇಳಬೇಕಂದ್ರ ಎಲ್ಲಾದರದೂ ಅಬ್‌ಸ್ಟ್ರ್ಯಾಕ್ಟು ಮತ್ತ ಕಡೀ ಪುಟ ಅಷ್ಟ ಓದಿದ್ದೆ, ನಡುವಿಂದು ಬಿಟ್ಟಿದ್ದೆ. ಪೇಪರಿಗೊಂದು ಪ್ಯಾರಾ ಬರದೆ. ಕಡೀಗೆ ಒಂದು ಕೋಷ್ಟಕ ಹಾಕಿದೆ, ಯಾವ ಪದ್ಧತಿ ಎಷ್ಟು ಸರಿ ಹೇಳ್ತದ ಅಂತ ದೊಡ್ಡ ಅಂಕಿಲಿಂದ ಸಣ್ಣದಕ್ಕ ಇಳಿಸಿ. ಆ ಕೋಷ್ಟಕ ನೋಡಿದಾಗೆಲ್ಲಾ ನನಗ ನಾನ ಶಾಬಾಷ್ ಅನ್ಕೋತಿದ್ದೆ.

"ಫೈಲ್ ಕೊಡ ಇಲ್ಲೆ, ಜರಾ ನೋಡಿ ಕೊಡ್ತೀನಿ" ಅಂತ ಒಂದಿನ ರೂಮಿನ್ಯಾಗ ಆಕಿ ಅಂದ್ಲು. ಕೊಟ್ಟೆ. ಆಕಿ ಮೆಣಸಿನಕಾಯಿ ಅಂತ ಇದ್ದಲ್ಲಿ ಹತ್ತಿ ಅಂತ ಮಾಡಿ, ನನಕಿಂತ ಒಂದು ದಿನ ಮೊದಲ ಕಾಲೇಜಿಗೆ ಅಪ್‌ಲೋಡ್ ಮಾಡಿಬಿಟ್ಲು.

ಕಾಪಿ ಹಿಡಿಯೂ ಸಾಫ್ಟ್‌ವೇರಿಗೆ ಯಾರು ಬರದ್ರು ಅನ್ನೂದು ಗೊತ್ತಾಗಂಗಿಲ್ಲ. ಮೊದಲು ಬಂದದ್ದು ಅದರ ಹೊಟ್ಟಿಯೊಳಗ ಇರ್ತದ, ಆಮ್ಯಾಲ ಬಂದದ್ದನ್ನ ಅದಕ್ಕ ಹೋಲಿಸಿ ನೋಡ್ತದ. ನನ್ನ ಪೇಪರ್ ಪೂರಾ ಕೆಂಪಗಾಗಿ ಹೊರಗ ಬಂತು. ಸರ್ ತುಂಬಿದ ಕ್ಲಾಸಿನ್ಯಾಗ ಹಾಳಿ ಎತ್ತಿ ತೋರಿಸಿ, "ಗೆಳತೀದು ಕದಿಯಾಕ ನಾಚಿಕಿ ಬರಂಗಿಲ್ಲೇನವಾ?" ಅಂದ್ರು.

"ಸರ್, ನಾನ ಬರದದ್ರಿ. ಫೈಲಿನ್ಯಾಗ ಯಾವತ್ತು ಏನು ಬರದೀನಿ ಎಲ್ಲಾ ಅದ, ಒಂದ ಸಲ ನೋಡ್ರಿ."

"ಅದೆಲ್ಲಾ ನೋಡಾಕ ನನಗ ಟೈಮಿಲ್ಲ. ಒಂದು ವಾರದಾಗ ಹೊಸಾದು ಬರದು ತಾ. ಇಲ್ಲಾಂದ್ರ ಫೇಲ್."

ಆಕಿ ಮುಂದಿನ ಬೆಂಚಿನ್ಯಾಗ ಉಗುರು ನೋಡ್ಕೋತ ಕುಂತಿದ್ಲು. ರೂಮಿಗೆ ಬಂದು ಹಿಡಕೊಂಡು ಕೇಳಿದ್ರ, ತಲಿ ಬಾಚ್ಕೋತ, "ಇಬ್ಬರದೂ ಎಲೀ ವಿಷಯನ ಅಲ್ಲೇನು, ಒಂದ ಥರ ಬಂದಿರ್ತದ ಬಿಡು" ಅಂದ್ಲು. ಎಲಾ ಇಕಿನ! ಆ ಬಾಚಣಿಕಿ ಕಸಗೊಂಡು ಒಗೀಬೇಕನಿಸ್ತು. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ದೇವಾಪುರಕ್ಕ ನಮ್ಮ ಚಿಗವ್ವನ ಮನಿಗೆ ಹೋದೆ. ಬಸ್ಸಿನ್ಯಾಗ ದಾರಿ ತುಂಬ ಅತ್ತೆ.

ಚಿಗವ್ವಂದು ಮೆಣಸಿನಕಾಯಿ ಹೊಲ. ಪೇಪರಿಗೆ ಒಂದೆರಡು ಚಿತ್ರ ಆಗ್ತಾವಂತ ಮುರುಟಿದ ಎಲಿ ಫೋಟೊ ತಗಿಯಾಕತ್ತಿದ್ದೆ. ಚಿಗವ್ವ ಕಳೀ ಕೀಳೂದು ಬಿಟ್ಟು ನಿಂತು ನೋಡಿ ನಕ್ಕಳು.

"ಒಂದ ಗಿಡದ್ದು ಎಷ್ಟು ತಗೀತಿಯವ್ವ? ಎಲ್ಲಾ ಎಲೀನೂ ಹಂಗ ಮುರುಟ್ಯಾವಲ್ಲ. ಒಂದು ನೋಡಿದ್ರ ಉಳಿದದ್ದು ಯಾರರ ಹೇಳ್ತಾರ."

ಕೈಯಾಗಿನ ಫೋನು ಹಂಗ ನಿಂತು. ಮಷೀನಿಗೆ ಕಲಿಸೂ ಫೋಟೊ ಬ್ಯಾರೆ, ಪರೀಕ್ಷಾ ಮಾಡೂ ಫೋಟೊ ಬ್ಯಾರೆ ಇರಬೇಕು. ಒಂದ ಗಿಡದ ಫೋಟೊ ಎರಡೂ ಕಡಿ ಬಿದ್ವಂದ್ರ ಅದು ರೋಗ ಕಲಿತದೊ, ಆ ಗಿಡಾನ ಗುರ್ತು ಹಿಡೀತದೊ ಹ್ಯಾಂಗ ತಿಳೀಬೇಕು? ಅಂಕಿ ಮಾತ್ರ ಭಾರಿ ಬರ್ತದ.

ಮನಿಗೆ ಬಂದು ಹನ್ನೆರಡೂ ಪೇಪರ್ ಮತ್ತ ತಗದೆ. ಈ ಸಲ ನಡುವಿನ ಪುಟ ಓದಿದೆ, ಫೋಟೊ ಎಲ್ಲಿಂದ ತಂದ್ರು, ಹ್ಯಾಂಗ ಪಾಲು ಮಾಡಿದ್ರು ಅಂತ. ಕೆಲವರು ಎಲಿ ಕಿತ್ತು ಬಿಳಿ ಹಾಳಿ ಮ್ಯಾಲ ಇಟ್ಟು ತಗದಿದ್ರು, ಕೆಲವರು ಹೊಲದಾಗ. ಒಬ್ಬರು ಗಿಡ ನೋಡಿ ಬ್ಯಾರೆ ಮಾಡಿದ್ರು, ಭಾಳ ಮಂದಿ ಎಲ್ಲಾ ಫೋಟೊ ಕಲಸಿ ಹಂಚಿಬಿಟ್ಟಿದ್ರು. ಇಂಥಾ ಅಂಕಿ ಎಲ್ಲಾ ಒಂದ ಕೋಷ್ಟಕದಾಗ ಮ್ಯಾಲ ಕೆಳಗ ಹಚ್ಚಿ ಇದು ಗೆದ್ತು, ಅದು ಸೋತು ಅನ್ನಾಕ ಬರಂಗಿಲ್ಲ. ನಾನು ಶಾಬಾಷ್ ಅನ್ಕೊಂಡ ಕೋಷ್ಟಕ ಬುಡದಿಂದನ ತಪ್ಪಿತ್ತು.

ಮತ್ತ ಆ ತಪ್ಪು ಈಗ ಆಕಿ ಹೆಸರಿನ್ಯಾಗ ಇತ್ತು! ಅಳೂದು ಅಲ್ಲೇ ನಿಂತು. ಚಿಗವ್ವನ ಮುಂದ ಒಬ್ಬಾಕೀನ ನಕ್ಕೆ.

ಪೇಪರಿಗೊಂದು ಪ್ಯಾರಾ ಬರಿಯೂದು ಬಿಟ್ಟೆ. ಫೋಟೊ ಎಲ್ಲಿಂದು, ಪಾಲು ಹ್ಯಾಂಗ, ಹೊಲದಾಗ ನಡೀತದೊ ಇಲ್ಲೊ ಅಂತ ಪ್ರಶ್ನಿಗೊಂದು ಭಾಗ ಮಾಡಿ ಹನ್ನೆರಡನ್ನೂ ಎದುರಾಬದುರಾ ನಿಲ್ಲಿಸಿದೆ. ಅಬ್‌ಸ್ಟ್ರ್ಯಾಕ್ಟ್ ಈ ಸಲ ಕಡೀಗೆ ಬರದೆ. ಏನು ಕೇಳಿದೆ, ಏನು ಓದಿದೆ, ಏನು ಕಂಡೆ, ಅಷ್ಟ. ಹಳೇ ಬಡಾಯಿ ತಗದು, ಈ ಅಂಕಿಗಳನ್ನ ಒಂದಕ್ಕೊಂದು ಹೋಲಿಸಾಕ ಬರಂಗಿಲ್ಲ ಅಂತ ಸೀದಾ ಹಾಕಿದೆ.

ತಿರುಗಿ ರೂಮಿಗೆ ಬಂದಾಗ ಆಕಿ ಸ್ಲೈಡ್ ಮಾಡಾಕತ್ತಿದ್ಲು. ನನ್ನ ಕೋಷ್ಟಕಕ್ಕ ಹಸಿರು ಬಣ್ಣ ಹಚ್ಚಿದ್ಲು. "ಚಂದ ಕಾಣ್ತದಲ್ಲ?" ಅಂತ ನನ್ನನ್ನ ಕೇಳಿದ್ಲು. ತಪ್ಪದ, ತಗದುಹಾಕು ಅಂತ ಒಂದು ಮಾತು ಹೇಳಿದ್ರ ಆಕಿ ಉಳೀತಿದ್ಲು. "ಭಾಳ ಚಂದ ಅದ" ಅಂದೆ.

ಸೆಮಿನಾರ್ ದಿನ ಹೊರಗಿನಿಂದ ಒಬ್ಬ ಮೇಡಂ ಪರೀಕ್ಷಕರಾಗಿ ಬಂದಿದ್ರು. ರೋಲ್ ನಂಬರ್ ಪ್ರಕಾರ ಆಕಿ ಮೊದಲು, ನಾನು ಆಮ್ಯಾಲ. ಆಕಿ ಕೋಷ್ಟಕ ತೋರಿಸಿ, ಮ್ಯಾಲ ಇದ್ದದ್ದ ಎಲ್ಲಾಕಿಂತ ಛಲೋ ಪದ್ಧತಿ ಅಂತ ಹೇಳಿ ಚಪ್ಪಾಳಿ ತಗೊಂಡು ಕುಂತ್ಲು. ನಾನು ಎದ್ದು ಅದ ಹನ್ನೆರಡು ಪೇಪರ್ ಹಚ್ಚಿ, ಇವನ್ನ ಒಂದ ಕೋಷ್ಟಕದಾಗ ಯಾಕ ಹಾಕಬಾರದು ಅಂತ ಒಂದೊಂದಾಗಿ ಬಿಡಿಸಿ ಹೇಳಿದೆ. ಹೇಳೂವಾಗ ಆಕಿ ಮಾರಿ ನೋಡಿಕೋತನ ಹೇಳಿದೆ, ಸುಳ್ಳ್ಯಾಕ ಹೇಳಲಿ.

ಮೇಡಂ ಪೆನ್ನು ಕೆಳಗಿಟ್ಟು ಆಕಿ ಕಡಿ ತಿರುಗಿದ್ರು. "ನಿಮ್ಮ ಕೋಷ್ಟಕದಲ್ಲಿ ಮೊದಲನೇ ಪೇಪರು ಫೋಟೊಗಳನ್ನ ಹೇಗೆ ಪಾಲು ಮಾಡಿದೆ?"

ಆಕಿ ಎದ್ದು ತನ್ನ ಹಾಳಿ ತಿರುವಿ ಹಾಕಿದ್ಲು.

"ಎರಡನೇದು? ಓದೇ ಇಲ್ವಾ ಹಾಗಾದ್ರೆ? ಇಷ್ಟು ದೊಡ್ಡ ತಪ್ಪಿರೋವಾಗ ನಾನು ಹೇಗೆ ಪಾಸ್ ಮಾಡಲಿ?"

ಆಕಿ ಕಣ್ಣಾಗ ನೀರು ತುಂಬಿ ಬಂದ್ವು. ಕೈ ಮಾಡಿ ನನ್ನ ತೋರಿಸಿದ್ಲು. "ಆ ಕೋಷ್ಟಕ ನಂದಲ್ಲರಿ ಮೇಡಂ. ಆಕೀದ್ರಿ. ಆಕಿ ಬರದದ್ದನ್ನ ನಾನು ತಗೊಂಡೀನ್ರಿ."

ಗೈಡ್ ಸರ್ ಮಾರಿ ಹುಳ್ಳಗಾಗಿ ನನ್ನ ಕಡಿ ನೋಡಿ, "ಖರೇ ಏನವಾ? ಆ ತಪ್ಪು ನಿಂದೇನು?" ಅಂತ ಸಣ್ಣ ದನಿಯಾಗ ಕೇಳಿದ್ರು.

ತುಂಬಿದ ಕ್ಲಾಸಿನ್ಯಾಗ, ಅವರು ಹಾಳಿ ಎತ್ತಿ ತೋರಿಸಿದ ಅದ ಜಾಗದಾಗ ನಿಂತು, ಎಲ್ಲಾರಿಗೂ ಕೇಳೂವಂಗ ಹೇಳಿದೆ: "ಹೌದ್ರಿ ಸರ್. ಆ ತಪ್ಪು ನಂದ."