ಬೀರುವಿನಲ್ಲಿ ಸಿಗದ ಲಾಭ

ಲಾಭ ಎಂದರೆ ಕಟ್ಟು ಕಟ್ಟಿ ಬೀರುವಿನಲ್ಲಿಡುವ ವಸ್ತು ಎಂದು ಜಗನ್ ನಂಬಿದ್ದ. ಅದು ಎರಡು ಸಾವಿರದ ಐದನೇ ಇಸವಿ. ಬಿ.ಕಾಂ. ಮುಗಿಸಿ, ಶಿಡ್ಲಘಟ್ಟದಲ್ಲಿ ಶ್ಯಾಮಲಮ್ಮ ನಡೆಸುತ್ತಿದ್ದ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಲೆಕ್ಕ ಬರೆಯಲು ಸೇರಿದ್ದ. ಮೊದಲ ತಿಂಗಳೇ ಲಾಭ ಹದಿನೆಂಟು ಸಾವಿರ ಎಂದು ಬರೆದು, ಕೆಳಗೆ ಜೋಡಿ ಗೆರೆ ಎಳೆದು, ಬೀರು ತೆಗೆದು ನೋಡಿದ. ಒಳಗೆ ನಾನ್ನೂರು ರೂಪಾಯಿ, ಒಂದು ಕುಂಕುಮದ ಭರಣಿ.

ಕಳ್ಳತನವೇ ಎಂದು ನಿಶ್ಚಯಿಸಿಕೊಂಡು, ಒಲೆಗೆ ಸೌದೆ ಹಾಕುವ ಗಂಗರಾಜುವಿನ ಮೇಲೆ ಕಣ್ಣಿಟ್ಟ. ಗಂಗರಾಜು ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದ ದಿನ ಪತ್ತೇದಾರನ ಎದೆ ಉಬ್ಬಿತು. ಓಡಿಹೋಗಿ ಶ್ಯಾಮಲಮ್ಮನ ಕಿವಿಯಲ್ಲಿ ಊದಿದ.

ಆಕೆ ಅವನ ರಟ್ಟೆ ಹಿಡಿದು ಹೊಗೆಯಾಡುತ್ತಿದ್ದ ಕೋಣೆಗೆ ಎಳೆದುಕೊಂಡು ಹೋದಳು. "ನೋಡಪ್ಪ ನಿನ್ನ ಲಾಭಾನ. ಅಗೋ, ಬಿಸಿನೀರಲ್ಲಿ ಬೇಯ್ತಾ ಐತೆ. ಇಗೋ, ರಾಟೆ ಮೇಲೆ ಸುತ್ಕೊಳ್ತಾ ಐತೆ. ಚಪ್ಪಲಿ ಅವನ ಮಾವ ಕೊಡಿಸಿದ್ದು."

ನೂಲು ತೆಗೆಯುತ್ತಿದ್ದ ರಾಮಲಕ್ಷ್ಮಮ್ಮ ಬಗ್ಗಿಸಿದ ತಲೆ ಎತ್ತದೆ ನಕ್ಕಳು. ಆ ನಗು ಅವನ ಬೆನ್ನ ಮೇಲೆ ಬಹಳ ದಿನ ಕೂತಿತ್ತು.

ಈಗ ಚಿಕ್ಕಬಳ್ಳಾಪುರದ ಆಫೀಸೊಂದರಲ್ಲಿ ಫ್ಯಾನಿನ ಕೆಳಗೆ ಸಂಬಳಕ್ಕೆ ಕೂತಿರುವ ಜಗನ್‌ಗೆ ಬೆಂದ ಹುಳದ ಆ ವಾಸನೆ ಎಲ್ಲಾದರೂ ತಟ್ಟಿದರೆ ನಿಂತು ಮೂಗರಳಿಸುತ್ತಾನೆ. ಆ ದಿನಗಳಲ್ಲಿ ಅದೇ ವಾಸನೆಯನ್ನು ತೊಳೆಯಲು ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದ.

ಎರಡು ರಾಟೆಯಿಂದ ಶುರುಮಾಡಿದ ಶ್ಯಾಮಲಮ್ಮ ಎಂಟು ಬೇಸಿನ್ನಿಗೆ, ಅಂದರೆ ಗೂಡು ಹಾಕಿ ನೂಲೆಳೆಯುವ ಎಂಟು ಬಿಸಿನೀರಿನ ತೊಟ್ಟಿಗೆ, ಬಂದಿದ್ದಳು. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಕುಲುಕುವ ಸದ್ದು ಕೇಳಿ, ಹರಾಜಿನಲ್ಲಿ ಕೂಗುತ್ತಿದ್ದಳು. ಕೂಗಿದ ಮೇಲೆ ಅವತ್ತೇ ದುಡ್ಡು ಕಟ್ಟಬೇಕು. ಕಟ್ಟಿದರೇನೇ ಗೂಡು ಕೈಗೆ. ಅಗ್ಗ ಸಿಕ್ಕಿತೆಂದು ಕೂಡಿಡುವ ಹಾಗೂ ಇಲ್ಲ, ಬಿಟ್ಟರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ನೂಲನ್ನು ಅದೇ ವಾರ ನಗದಿಗೆ ಮಾರಿ, ಆ ದುಡ್ಡು ಹಿಡಿದು ಮತ್ತೆ ಹರಾಜಿಗೆ ಹೋಗುವುದು ಆಕೆಯ ಪದ್ಧತಿ.

ಅಷ್ಟರಲ್ಲಿ ಚಿಂತಾಮಣಿಯ ನೂಲು ವ್ಯಾಪಾರಿ ನರಸಿಂಹಪ್ಪ ಬಂದ. ಕಿಲೋಗೆ ನಲವತ್ತು ರೂಪಾಯಿ ಜಾಸ್ತಿ ಕೊಡುತ್ತೇನೆ, ಎಷ್ಟು ತೆಗೆದರೂ ನನಗೇ ಹಾಕಿ, ದುಡ್ಡು ಮಾತ್ರ ಒಂದೂವರೆ ತಿಂಗಳ ಮೇಲೆ ಎಂದ. ಶ್ಯಾಮಲಮ್ಮ ಮೂಗು ಮುರಿದಳು. ಜಗನ್ ಕ್ಯಾಲ್ಕುಲೇಟರ್ ಒತ್ತಿದ.

"ಅಮ್ಮಾ, ಇನ್ನೆಂಟು ಬೇಸಿನ್ ಬಾಡಿಗೆಗೆ ಹಿಡಿಯಣ. ಲಾಭ ಡಬಲ್‌ಗಿಂತ ಜಾಸ್ತಿ!"

"ಓದಿದೋನು ಹೇಳ್ತಿದೀಯ," ಎಂದು ಆಕೆ ಒಪ್ಪಿದಳು.

ಪುಸ್ತಕದಲ್ಲಿ ಲಾಭ ನಿಜಕ್ಕೂ ಏರಿತು. ನೂಲು ಹೋದ ದಿನವೇ ಜಗನ್ ಅದನ್ನು ಬರೆದುಕೊಳ್ಳುತ್ತಿದ್ದ. ಆದರೆ ಗೂಡಿಗೆ ದಿನಾ ಎರಡರಷ್ಟು ದುಡ್ಡು, ಕೂಲಿಗೆ ಎರಡರಷ್ಟು, ಸೌದೆಗೂ ಎರಡರಷ್ಟು. ಬರುವ ಕಡೆ ಬರೀ ನರಸಿಂಹಪ್ಪನ ಬಾಕಿ ಚೀಟಿ. ವ್ಯಾಪಾರ ಬೆಳೆದಷ್ಟೂ ಕೈ ಬರಿದಾಯಿತು. ಕೂಡಿಟ್ಟ ಗಂಟು ಕರಗಿತು, ಬಳೆ ಗಿರವಿಗೆ ಹೋಯಿತು. ಹೆಣ್ಣಾಳುಗಳ ಕೂಲಿ ನಿಲ್ಲಿಸುವಂತಿರಲಿಲ್ಲ, ನಿಂತರೆ ಅವರು ಪಕ್ಕದ ಘಟಕಕ್ಕೆ ಹೋಗುತ್ತಾರೆ. ಜಗನ್‌ನ ಸಂಬಳ ಸದ್ದಿಲ್ಲದೆ ಬಾಕಿ ಬಿತ್ತು.

ಒಂದು ಬೆಳಿಗ್ಗೆ ಸಾದಲಿಯ ಬಯ್ಯಪ್ಪನ ಗೂಡಿಗೆ ಶ್ಯಾಮಲಮ್ಮ ಕೂಗಿ ಗೆದ್ದಳು. ಸೆರಗಿನ ಗಂಟು ಬಿಚ್ಚಿದರೆ ಅರ್ಧಕ್ಕೂ ಸಾಲದು.

"ಏನಮ್ಮಾ, ನಿಮ್ಮ ಮಿಷನ್ನು ಹಗಲೂ ರಾತ್ರಿ ಓಡ್ತಾವೆ ಅಂತಾರೆ," ಎಂದ ಬಯ್ಯಪ್ಪ.

"ಓಡ್ತಾವೆ ಕಣಪ್ಪ. ದುಡ್ಡೂ ಜೊತೇಲೇ ಓಡ್ಬಿಟ್ಟೈತೆ."

ಅವನ ಗೂಡು ಮತ್ತೆ ಹರಾಜಿಗೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆಕೆ ಬರಿಗೈಯಲ್ಲಿ ಬಂದಳು. ಮಧ್ಯಾಹ್ನಕ್ಕೆ ಒಲೆ ಆರಿತು. ರಾಮಲಕ್ಷ್ಮಮ್ಮ ಬೆಂದು ಸುಕ್ಕಾದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು, "ನಾಳೆ ಬರಣವೋ ಬ್ಯಾಡವೋ?" ಎಂದಳು. ಒಂದು ವಾರ ಒಲೆ ಆರಿದರೆ ಆಳುಗಳು ಚದುರುತ್ತಾರೆ, ಘಟಕ ಮುಚ್ಚಿದಂತೆಯೇ.

ಶ್ಯಾಮಲಮ್ಮ ಒಳಗೆ ಹೋಗಿ, ನರಸಿಂಹಪ್ಪನಿಗೆಂದು ಕಟ್ಟಿಟ್ಟಿದ್ದ ನೂಲನ್ನೆಲ್ಲ ಎತ್ತಿಸಿ, ನಗದು ವ್ಯಾಪಾರಿಗೆ ಮಾರಿದಳು. ಅವಸರದ ಮಾರಾಟ, ಅಸಲಿಗಿಂತ ಕಿಲೋಗೆ ಮೂವತ್ತು ರೂಪಾಯಿ ಲುಕ್ಸಾನು.

"ಅಮ್ಮಾ, ನಷ್ಟ!" ಎಂದ ಜಗನ್.

"ನಷ್ಟ ಬರ್ಕೋ. ಒಲೆ ಹಚ್ಚು."

ಬಾಡಿಗೆ ಬೇಸಿನ್ನುಗಳು ವಾಪಸು ಹೋದವು. ನರಸಿಂಹಪ್ಪ ಒಳ್ಳೆಯವನೇ, ಹೇಳಿದ ವಾಯಿದೆಗೆ ಪೂರ್ತಿ ದುಡ್ಡು ಕೊಟ್ಟ. ಬಳೆ ಬಿಡಿಸಿಕೊಂಡದ್ದೂ ಆಯಿತು, ಜಗನ್‌ನ ಬಾಕಿ ಸಂಬಳವೂ ಬಂತು. ಘಟಕ ಎಂಟು ಬೇಸಿನ್ನಿನಲ್ಲೇ ಓಡಿತು, ನಗದು ಮಾರಿ ನಗದು ಕೊಂಡು.

ಕೆಲಸ ಬಿಟ್ಟು ಎಷ್ಟೋ ಕಾಲದ ಮೇಲೆ ಜಗನ್ ತನ್ನ ಮದುವೆಯ ಕರೆಯೋಲೆ ಕೊಡಲು ಹೋದ. ರಾಟೆಯ ಗಿರಕಿ ಸದ್ದಿನ ನಡುವೆ ಕಾಫಿ ಕುಡಿಯುತ್ತ, ಎದೆಯಲ್ಲಿ ಇಷ್ಟು ದಿನ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ:

"ಅಮ್ಮಾ, ನನ್ನ ಮಾತು ಕೇಳಿ ಒಲೆ ಆರಿಸ್ಕೊಂಡ್ರಿ. ಆವತ್ತೇ ಯಾಕೆ ನನ್ನ ಕೆಲಸದಿಂದ ತೆಗೀಲಿಲ್ಲ?"

"ತೆಗೆದ್ರೆ ಬಾಕಿ ಸಂಬಳ ಕೈಗಿಡಬೇಕಿತ್ತಲ್ಲಪ್ಪ. ದುಡ್ಡೆಲ್ಲಿತ್ತು?"