ಮೂವತ್ತು ಸೆಕೆಂಡು ಮಾತಾಡಲು ಬಾರದವನು

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಕಾಲೇಜಿನಲ್ಲಿ ನನ್ನ ‘ಬಂದಾನ, ಹೋಗ್ಯಾಳ’ ಕೇಳಿ ನಕ್ಕವರ ಮುಂದೆ ಪುಸ್ತಕದ ಕನ್ನಡವನ್ನು ಹಟ ಹಿಡಿದು ಕಲಿತೆ. ಆ ಹೆಮ್ಮೆ ಈಗಲೂ ಇದೆ. ಆದರೆ ಒಂದು ಮಧ್ಯಾಹ್ನ ಅದೇ ನನಗೆ ಅಡ್ಡ ನಿಂತಿತು.

ಶಹಾಪುರದ ಒಂದು ಬಾಡಿಗೆ ಕೋಣೆಯಲ್ಲಿ ನಾನೂ ತಂಗಿಯೂ ಪರೀಕ್ಷೆಗೆ ಓದುವವರಿಗಾಗಿ ಪಾಡ್‌ಕಾಸ್ಟ್ ಮಾಡುತ್ತೇವೆ. ಮಾತು ನನ್ನದು, ಎಡಿಟಿಂಗ್ ಅವಳದು. ನಮಗಿದ್ದ ಪ್ರಾಯೋಜಕರು ಒಬ್ಬರೇ, ಪುಸ್ತಕದಂಗಡಿಯ ಮಾಲೀಕರು. ಅವತ್ತು ಬೆಳಿಗ್ಗೆ ಅವರ ಫೋನ್ ಬಂತು.

“ತಮ್ಮಾ, ನಿನ್ನ ಜಾಹೀರಾತು ಬಂದಕೂಡ್ಲೆ ನನ್ನ ಮಗಳೇ ಮುಂದ ಓಡಸ್ತಾಳ. ಮಾತಾಡ್ದಂಗ ಇರ್ಬೇಕು. ಸಂಜಿತನ ನೋಡ್ತೀನಿ, ಇಲ್ಲಂದ್ರ ಬಿಟ್ಟುಬಿಡೋಣು.”

ಅವರು ಬಿಟ್ಟರೆ ಕೋಣೆ ಬಿಡಬೇಕು, ಪಾಡ್‌ಕಾಸ್ಟೂ ಅಲ್ಲಿಗೆ ಮುಗಿಯಿತು.

ಸದ್ದು ಮರುದನಿಸದಂತೆ ಕಿಟಕಿಗೆ ಅವ್ವ ಹೊಲಿದ ದಪ್ಪ ಕೌದಿ ಕಟ್ಟಿ, ಫ್ಯಾನ್ ನಿಲ್ಲಿಸಿ ಕುಳಿತೆವು. ಮೂವತ್ತು ಸೆಕೆಂಡಿನ ಜಾಹೀರಾತಿಗೆಂದು ಬರೆದಿಟ್ಟಿದ್ದನ್ನು ಓದಿದೆ. ಒಂಬತ್ತನೇ ಸಲಕ್ಕೆ ತಂಗಿ ಹೆಡ್‌ಫೋನ್ ತೆಗೆದಳು.

“ಅಣ್ಣಾ, ನೀ ವಾರ್ತಾ ಓದಾಕತ್ತಿ.”

ಹಾಳೆ ಕಸಿದುಕೊಂಡು ಮೂರೇ ವಿಷಯ ಉಳಿಸಿದಳು: ಹಳೆಯ ಗೈಡ್ ತಿರುಗಿ ಕೊಂಡುಕೊಳ್ಳುತ್ತಾರೆ, ನಿಂತು ಓದಲು ಬಿಡುತ್ತಾರೆ, ಅಂಗಡಿ ಇರುವ ಜಾಗ. ಈ ಸಲ ನಾಲಿಗೆ ಸಡಿಲಾಯಿತು. ಕಾಲೇಜು ದಿನಗಳಲ್ಲಿ ಅಲ್ಲಿ ಗೋಣಿಚೀಲದ ಮೇಲೆ ಕುಳಿತು ಇಡೀ ಪುಸ್ತಕ ಮುಗಿಸಿದ್ದನ್ನು ಹೇಳಿದೆ. ಚೆನ್ನಾಗಿಯೇ ಬಂತು. ಆದರೆ ಅಂಗಡಿ ಎಲ್ಲಿದೆ ಎಂದು ಹೇಳುವುದನ್ನೇ ಮರೆತಿದ್ದೆ.

ಅದೊಂದು ಸಾಲನ್ನು ಬೇರೆಯಾಗಿ ಹೇಳಿ ಅಂಟಿಸಿದೆವು. ಮದುವೆಮನೆಯ ಮಾತಿನ ನಡುವೆ ಬಸ್ ನಿಲ್ದಾಣದ ಮೈಕು ಕೂಗಿದಂತಿತ್ತು. ಪೂರ್ತಿ ಮತ್ತೆ ಹೇಳಹೋದರೆ ಗೋಣಿಚೀಲದ ನೆನಪೂ ನಾಟಕವಾಯಿತು. ನಾಲ್ಕೂವರೆ ಆಗಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಮೂವತ್ತು ಸೆಕೆಂಡು ನನ್ನ ಮನೆಮಾತು ಆಡಲು ಬಾರದಷ್ಟು ಓದಿಬಿಟ್ಟೆನೇ ಅನ್ನಿಸಿತು. ಇನ್ನಾಗದು ಅಂದೆ.

ತಂಗಿ ಎದ್ದು ಎದುರಿಗೆ ಬಂದು ಕುಳಿತಳು. ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ.

“ನಾ ಕಕ್ಕೇರಾದಿಂದ ಬಂದೀನ್ರಿ. ಬುಕ್ ಅಂಗಡಿ ಎಲ್ಲೈತ್ರಿ?”

ಸಿಟ್ಟಿನಲ್ಲಿಯೇ ಉತ್ತರಿಸಿದೆ. “ಬಸ್ ಸ್ಟ್ಯಾಂಡ್ ಎದುರಿನ ಗಲ್ಲ್ಯಾಗ ಹೋಗ್ರಿ, ಹಿಟ್ಟಿನ ಗಿರಣಿ ದಾಟಿದ್ರ ಅದೇ.”

“ಹಳೀ ಪುಸ್ತಕ ತೊಗೋತಾರೇನ್ರಿ?”

“ತೊಗೋತಾರ. ಹಾಳಿ ಹರದಿರಬಾರ್ದು ನೋಡ್ರಿ.”

ಹೀಗೇ ಐದಾರು ಪ್ರಶ್ನೆ. ತನ್ನ ದನಿಯನ್ನೆಲ್ಲ ಕತ್ತರಿಸಿ, ನನ್ನ ಉತ್ತರಗಳನ್ನು ಜೋಡಿಸಿ, ಇದು ಪ್ರಾಯೋಜಿತ ಎಂಬ ಒಂದು ಸಾಲನ್ನು ತಾನೇ ಮೊದಲಿಗೆ ಹೇಳಿದಳು. ಮೂವತ್ತೆರಡು ಸೆಕೆಂಡು. ನಡುವಿನ ಎರಡು ಉಸಿರು ತೆಗೆದು ಮೂವತ್ತಕ್ಕೆ ತಂದು ಮಾಲೀಕರಿಗೆ ಕಳಿಸಿದಳು.

ಮತ್ತೆ ಹೇಳಬೇಕಾದೀತೆಂದು ಕೌದಿ ಬಿಚ್ಚುವ ಧೈರ್ಯವಾಗದೆ ಆ ಸೆಕೆಯಲ್ಲೇ ಕುಳಿತಿದ್ದೆವು. ಆರು ಹೊಡೆಯುವ ಹೊತ್ತಿಗೆ ಮಾಲೀಕರು ಫೋನ್ ಮಾಡಿದರು.

“ಮುಂದಿನ ತಿಂಗಳೂ ಇದನ್ನೇ ಹಾಕು ತಮ್ಮಾ. ಮತ್ತ ಹೊಸಾದು ಮಾಡಾಕ ಹೋಗಬ್ಯಾಡ.”